ಮುಗಿಯದ ಕೆಲಸ ದಿನಾ `main`ಗೆ: ಫ್ಲ್ಯಾಗ್ ಇಟ್ಟು ಕೆಲಸ ಮಾಡಿದವರು ಹೇಳಿದ್ದು

ಚೈತ್ರಾ ಕೇಳಿದ್ದು: ನಮ್ಮ ತಂಡದಲ್ಲಿ ಆರು ಜನ. ಒಬ್ಬೊಬ್ಬರ ಬ್ರಾಂಚ್ ಮೂರು ವಾರ ಬದುಕಿರುತ್ತದೆ, ಮರ್ಜ್ ಮಾಡುವ ದಿನ ಊಟಕ್ಕೂ ಏಳೋಕಾಗಲ್ಲ. ಇನ್ನು ಮೇಲೆ ಎಲ್ಲರೂ ದಿನಾ `main`ಗೆ ಮರ್ಜ್ ಮಾಡಿ, ಮುಗಿಯದ್ದನ್ನು ಆನ್-ಆಫ್ ಮಾಡಬಹುದಾದ ಫ್ಲ್ಯಾಗ್ ಹಿಂದೆ ಇಡಿ ಅಂತ ಲೀಡ್ ಹೇಳಿದ್ದಾರೆ. ನನ್ನ ಕೈಯಲ್ಲಿರುವುದು ಬಿಲ್ಲಿಂಗ್ ಬದಲಾವಣೆ. ಅರ್ಧಂಬರ್ಧ ಬಿಲ್ಲಿಂಗ್ ಕೋಡ್ ಪ್ರೊಡಕ್ಷನ್‌ಗೆ ಹೋಗೋದು ನೆನೆಸಿಕೊಂಡರೇ ಭಯ. ಮಾಡಿದವರು ಹೇಗೆ ಮಾಡಿದಿರಿ?

ಕಿರಣ್: ಇಷ್ಟು ಯೋಚನೆ ಬೇಡ. ಬಟನ್ ಕಾಣದ ಹಾಗೆ ಮಾಡಿ, ಅಷ್ಟೇ. ಬಟನ್ ಇಲ್ಲದಿದ್ದರೆ ಗ್ರಾಹಕರು ಒತ್ತೋದಾದರೂ ಹೇಗೆ? ನಾವು ಎರಡು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ.

ಶ್ರೀಧರ: ಬಟನ್ ಕೊನೆಗೆ ತೋರಿಸುವುದು ಸರಿ ಕಿರಣ್, ಎಷ್ಟೋ ಕೆಲಸಕ್ಕೆ ಅಷ್ಟೇ ಸಾಕು. ಆದರೆ ಬಿಲ್ಲಿಂಗ್‌ನಲ್ಲಿ ಬಟನ್ನೇ ಇರುವುದಿಲ್ಲ ಅಲ್ವಾ? ರಾತ್ರಿ ಓಡುವ ಜಾಬ್ ಯಾರ ಬಟನ್‌ಗೂ ಕಾಯುವುದಿಲ್ಲ. ಬಟನ್ ಇದ್ದು ಅದನ್ನು ಮರೆಮಾಡಿದರೂ ಅದರ ಹಿಂದಿರುವ ಎಪಿಐ ತೆರೆದೇ ಇರುತ್ತದೆ. ತಡೆ ಸರ್ವರ್‌ನಲ್ಲೇ ಇರಬೇಕು.

ಚೈತ್ರಾ, ನಾನು ಮೊದಲು ಮನೆಮನೆಗೆ ಹಾಲು ಹಾಕುವ ಆ್ಯಪ್ ಒಂದರಲ್ಲಿ ಕೆಲಸ ಮಾಡುತ್ತಿದ್ದೆ. ಗ್ರಾಹಕರು ಊರಿಗೆ ಹೋದಾಗ ಹಾಲು ನಿಲ್ಲಿಸುವ ಸೌಲಭ್ಯ ತರಬೇಕಿತ್ತು. ನಿಲ್ಲಿಸಿದ ದಿನಗಳನ್ನು ಬಿಲ್ಲಿನಿಂದ ಕಳೆಯಬೇಕು. ಸುಮಾರು ಮೂರು ವಾರದ ಕೆಲಸ.

ಮೊದಲ ದಿನ ಹೊಸದೇನೂ ಬರೆಯಲಿಲ್ಲ. ಬಿಲ್ ಲೆಕ್ಕ ನಾಲ್ಕು ಕಡೆ ಚೆಲ್ಲಿಕೊಂಡಿತ್ತು, ಅದನ್ನು ಒಂದೇ ಫಂಕ್ಷನ್‌ಗೆ ತಂದು ಮರ್ಜ್ ಮಾಡಿದೆವು. ಎರಡನೇ ದಿನ ಫ್ಲ್ಯಾಗ್ ಇಟ್ಟೆವು:

```python
def bill_for(customer, month, flags):
    if flags.pause_billing:
        return bill_with_pauses(customer, month)
    return bill_flat(customer, month)
```

ಇಡೀ ಕೋಡ್‌ನಲ್ಲಿ ಈ ಫ್ಲ್ಯಾಗನ್ನು ಕೇಳುವ `if` ಇದೊಂದೇ. ಇದು ಹತ್ತು ಕಡೆ ಹರಡಿದರೆ ಒಂದು ಕಡೆ ಮರೆತೇ ಮರೆಯುತ್ತೀರಿ. ಫ್ಲ್ಯಾಗ್ ಪಟ್ಟಿಯಲ್ಲಿ ಹೆಸರು ಸಿಗದಿದ್ದರೆ ಆಫ್ ಅಂತಲೇ ಅರ್ಥ. ಆಮೇಲೆ `bill_with_pauses` ದಿನಕ್ಕಿಷ್ಟು ಬೆಳೆಯಿತು. ಅದಕ್ಕೆ ಟೆಸ್ಟ್ ಇತ್ತು, ಪ್ರೊಡಕ್ಷನ್‌ನಲ್ಲಿ ಕರೆಯುವವರು ಮಾತ್ರ ಇರಲಿಲ್ಲ. ಸಿಐನಲ್ಲಿ ಬಿಲ್ಲಿಂಗ್ ಟೆಸ್ಟ್‌ಗಳು ಎರಡು ಸಲ ಓಡುತ್ತಿದ್ದವು, ಫ್ಲ್ಯಾಗ್ ಆಫ್ ಇಟ್ಟು ಒಮ್ಮೆ, ಆನ್ ಇಟ್ಟು ಒಮ್ಮೆ.

ಆನ್ ಮಾಡುವ ಮೊದಲು ಒಂದು ವಾರ ರಾತ್ರಿ ಜಾಬ್‌ನಲ್ಲಿ ಎರಡೂ ಲೆಕ್ಕ ಓಡಿಸಿದೆವು. ಬಿಲ್ ಹೋಗುತ್ತಿದ್ದುದು ಹಳೆಯದರಿಂದ, ಹೊಸದರ ಉತ್ತರ ಬರೀ ಲಾಗ್‌ಗೆ. ಯಾರೂ ಇನ್ನೂ ಹಾಲು ನಿಲ್ಲಿಸಿಲ್ಲ, ಹಾಗಾಗಿ ಎರಡೂ ಪೈಸೆ ಪೈಸೆ ತಾಳೆಯಾಗಬೇಕಿತ್ತು. ಆಗಲಿಲ್ಲ. ಲೀಟರಿಗೆ ₹45.25, ದಿನಾ ಅರ್ಧ ಲೀಟರ್ ಅಂದರೆ ದಿನಕ್ಕೆ ₹22.625. ಹಳೆಯ ಲೆಕ್ಕ 30 ದಿನದ ಮೊತ್ತ ಕೂಡಿಸಿ ಕೊನೆಗೆ ರೌಂಡ್ ಮಾಡುತ್ತಿತ್ತು: ₹678.75. ಹೊಸದು ದಿನದಿನಕ್ಕೂ ರೌಂಡ್ ಮಾಡುತ್ತಿತ್ತು: 22.63 × 30, ₹678.90. ನಮ್ಮ ಟೆಸ್ಟ್‌ಗಳಲ್ಲಿ ಇದ್ದದ್ದೆಲ್ಲ ₹40, ₹50ರಂಥ ಗುಂಡು ದರ. ಅದಕ್ಕೇ ಸಿಕ್ಕಿರಲಿಲ್ಲ.

ಮಹೇಶ: ನಮ್ಮದು ಆಂಡ್ರಾಯ್ಡ್ ಆ್ಯಪ್. ನಮಗೆ ಇದು ಸರಿಹೋಗಲೇ ಇಲ್ಲ. ಫ್ಲ್ಯಾಗ್ ಆಫ್ ಮಾಡಿದರೂ ಕೆಲವರ ಫೋನ್‌ನಲ್ಲಿ ಅದು ಆನ್ ಆಗಿಯೇ ಕೂತಿರುತ್ತಿತ್ತು, ಆ್ಯಪ್ ಮತ್ತೆ ತೆರೆದಾಗ ಮಾತ್ರ ಬದಲಾಗುತ್ತಿತ್ತು. ಹಳೆಯ ವರ್ಷನ್ ಬಿಡದವರು ಬೇರೆ. ಒಂದು ಫ್ಲ್ಯಾಗ್ ಸರ್ವರ್‌ನಿಂದ ತೆಗೆಯೋಕೆ ಎಂಟು ತಿಂಗಳು ಕಾಯ್ದೆವು. ಶೇಕಡಾ 10 ಬಳಕೆದಾರರಿಗೆ ಮಾತ್ರ ತೋರಿಸೋದು ಹೇಗೆ ಅಂತ ನೀವು ಕೇಳುತ್ತಿದ್ದರೆ, ಬಳಕೆದಾರರ ಐಡಿಯನ್ನು ಹ್ಯಾಶ್ ಮಾಡಿ. ಪ್ರತಿ ಸಲ ರ್‍ಯಾಂಡಮ್ ತೆಗೆದರೆ ಒಬ್ಬರಿಗೇ ಬೆಳಿಗ್ಗೆ ಒಂದು, ಸಂಜೆ ಒಂದು ಕಾಣುತ್ತದೆ.

ಚೈತ್ರಾ: ಅದನ್ನು ಕೇಳಿರಲಿಲ್ಲ ಮಹೇಶ್, ಆದರೂ ಬರೆದುಕೊಂಡೆ. ಶ್ರೀಧರ ಸರ್, ಡೇಟಾಬೇಸ್ ಕಥೆ ಏನು? ನನಗೆ ಹೊಸ ಕಾಲಂ ಬೇಕು. ಅದೂ ಫ್ಲ್ಯಾಗ್ ಹಿಂದೆ ಇರಬಹುದಾ?

ನಂದಿನಿ: ಇದಕ್ಕೆ ನಾನು ಹೇಳುತ್ತೇನೆ, ಪೆಟ್ಟು ತಿಂದವಳು ನಾನು. ಇಲ್ಲ, ಇರಲ್ಲ. ಟೇಬಲ್ ಬದಲಿಸುವ ಮೈಗ್ರೇಷನ್‌ಗೆ ನಿಮ್ಮ `if` ಗೊತ್ತೇ ಇಲ್ಲ, ಮರ್ಜ್ ಆಗಿ ಡಿಪ್ಲಾಯ್ ಆದ ಕೂಡಲೇ ಓಡಿಬಿಡುತ್ತದೆ. ನಾನು `NOT NULL` ಕಾಲಂ ಸೇರಿಸಿದ್ದೆ, ಡಿಫಾಲ್ಟ್ ಕೊಟ್ಟಿರಲಿಲ್ಲ. ಟೆಸ್ಟ್ ಡೇಟಾಬೇಸ್‌ನ ಆ ಟೇಬಲ್ ಖಾಲಿ ಇತ್ತು, ತಕರಾರಿಲ್ಲದೆ ಹೋಯಿತು. ಪ್ರೊಡಕ್ಷನ್‌ನಲ್ಲೂ ಅದು ಹೊಸ ಟೇಬಲ್, ಸಾಲುಗಳೇ ಇರಲಿಲ್ಲ, ಅಲ್ಲೂ ಹೋಯಿತು. ಐದು ನಿಮಿಷಕ್ಕೆ ಆರ್ಡರ್ ಸೇರೋದೇ ನಿಂತಿತು. ಫ್ಲ್ಯಾಗ್ ಆಫ್ ಇದ್ದುದರಿಂದ ಓಡುತ್ತಿದ್ದ ಹಳೆಯ ಕೋಡ್‌ಗೆ ಆ ಕಾಲಂ ಇರೋದೇ ಗೊತ್ತಿಲ್ಲ, ಪ್ರತಿ ಇನ್ಸರ್ಟ್ ಬಿದ್ದುಹೋಗುತ್ತಿತ್ತು. ನಾನು ಮಾತ್ರ ಫ್ಲ್ಯಾಗ್ ಆಫ್ ಇದೆ, ನನ್ನದಲ್ಲ ಅಂತ ಇಪ್ಪತ್ತು ನಿಮಿಷ ಬೇರೆಲ್ಲೋ ಹುಡುಕಿದೆ.

ಹಾಗಾಗಿ ಮೊದಲು ಖಾಲಿ ಇರಬಹುದಾದ ಕಾಲಂ ಮರ್ಜ್ ಮಾಡಿ. ಅದನ್ನು ಬರೆಯುವ ಕೋಡ್ ಇನ್ನೊಂದು ದಿನ. ಹಳೆಯ ಸಾಲುಗಳನ್ನು ತುಂಬುವುದು ಮತ್ತೊಂದು ದಿನ. `NOT NULL` ಎಲ್ಲಕ್ಕಿಂತ ಕೊನೆಗೆ. ಲೈಬ್ರರಿ ಅಪ್‌ಗ್ರೇಡ್‌ಗೂ ಇದೇ ಮಾತು. ಫ್ಲ್ಯಾಗ್ ಆಫ್ ಇದ್ದರೂ ಹೊಸ ವರ್ಷನ್ ಸರ್ವರ್ ಏಳುವಾಗಲೇ ಲೋಡ್ ಆಗುತ್ತದೆ.

ಶ್ರೀಧರ: ನಂದಿನಿ ಹೇಳಿದ್ದು ಸರಿ. ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ರಾತ್ರಿ ಜಾಬ್ ಪ್ರತಿ ಗ್ರಾಹಕರಿಗೂ ಫ್ಲ್ಯಾಗನ್ನು ಹೊಸದಾಗಿ ಓದುತ್ತಿತ್ತು. ಜಾಬ್ ಓಡುತ್ತಿದ್ದಾಗಲೇ ಯಾರೋ ಆನ್ ಮಾಡಿದರು. ಅರ್ಧ ಜನಕ್ಕೆ ಹಳೆಯ ಲೆಕ್ಕ, ಅರ್ಧ ಜನಕ್ಕೆ ಹೊಸದು. ಯಾರಿಗೆ ಯಾವುದು ಹೋಯಿತು ಅಂತ ಹೇಳೋಕೂ ದಾರಿ ಇರಲಿಲ್ಲ. ಈಗ ಜಾಬ್ ಶುರುವಾದಾಗ ಒಮ್ಮೆ ಓದಿ, ಅದನ್ನೇ ಕೊನೆತನಕ ಒಯ್ಯುತ್ತದೆ. ಯಾವ ಲೆಕ್ಕದಿಂದ ಬಂತು ಅನ್ನುವುದು ಬಿಲ್ ಸಾಲಿನಲ್ಲೇ ಇರುತ್ತದೆ.

ಇನ್ನೊಂದು. ಆಫ್ ಮಾಡಿದರೆ ಹಿಂದಿನ ಸ್ಥಿತಿಗೆ ಬರುತ್ತೇವೆ ಅಂತ ನಂಬಬೇಡಿ. ಜನ ಹಾಲು ನಿಲ್ಲಿಸಿ ಊರಿಗೆ ಹೋದ ಮೇಲೆ `pause_billing` ಆಫ್ ಮಾಡಿದರೆ, ಕುಡಿಯದ ಹಾಲಿಗೂ ಬಿಲ್ ಹೋಗುತ್ತದೆ. ಅದಕ್ಕೆ ನಾವು ಎರಡು ಫ್ಲ್ಯಾಗ್ ಮಾಡಿದೆವು. ಮೊದಲು ಬಿಲ್ಲಿನದು ಆನ್, ಆಮೇಲೆ ಕೋರಿಕೆ ತೆಗೆದುಕೊಳ್ಳುವ `pause_requests` ಆನ್. ತೊಂದರೆಯಾದರೆ ಕೋರಿಕೆಯದನ್ನು ಮಾತ್ರ ಆಫ್. ಬಿಲ್ಲಿನದನ್ನು ಮುಟ್ಟುವ ಹಾಗಿಲ್ಲ.

ಕಿರಣ್: ಇದನ್ನು ನಾನು ಯೋಚಿಸಿರಲಿಲ್ಲ. ಆದರೆ ಹೀಗೆ ಸೇರಿಸ್ತಾ ಹೋದರೆ ಫ್ಲ್ಯಾಗ್‌ಗಳ ಸಂತೆ ಆಗಲ್ವಾ? ನಮ್ಮಲ್ಲಿ ಸುಮ್ನೆ ಬಿದ್ದಿರೋವೇ 60 ಇವೆ. ಯಾವುದು ಯಾರದ್ದೋ ಗೊತ್ತಿಲ್ಲ.

ಶ್ರೀಧರ: ಆಗುತ್ತದೆ. ನಾವು ಪ್ರತಿ ಫ್ಲ್ಯಾಗ್‌ಗೂ ಒಬ್ಬರ ಹೆಸರು, ಒಂದು ಕೊನೆಯ ತಾರೀಕು ಬರೆಯುತ್ತಿದ್ದೆವು. ತಾರೀಕು ದಾಟಿದರೆ ಸಿಐ ಟೆಸ್ಟ್ ಒಂದು ಬೀಳುತ್ತಿತ್ತು. ಹಳೆಯ ಹೆಸರನ್ನು ಮತ್ತೆ ಬಳಸುವುದಂತೂ ಬೇಡವೇ ಬೇಡ. ನೈಟ್ ಕ್ಯಾಪಿಟಲ್ ಅನ್ನುವ ಅಮೆರಿಕದ ಶೇರು ವಹಿವಾಟಿನ ಸಂಸ್ಥೆ 2012ರಲ್ಲಿ ಹಳೆಯ ಫ್ಲ್ಯಾಗ್ ಒಂದಕ್ಕೆ ಹೊಸ ಅರ್ಥ ಕೊಟ್ಟಿತ್ತು. 8 ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಆ ಒಂದರಲ್ಲಿ ವರ್ಷಗಟ್ಟಲೆ ಮಲಗಿದ್ದ ಹಳೆಯ ಕೋಡ್ ಎದ್ದಿತು. ಮುಕ್ಕಾಲು ಗಂಟೆಯಲ್ಲಿ 44 ಕೋಟಿ ಡಾಲರಿನಷ್ಟು ನಷ್ಟ.

ನಂದಿನಿ: ತಾರೀಕಿನ ಟೆಸ್ಟ್ ನಮ್ಮಲ್ಲಿ ನಡೆಯಲಿಲ್ಲ ಶ್ರೀಧರ. ಬಿದ್ದಾಗೆಲ್ಲ ಯಾರೋ ಒಂದು ತಿಂಗಳು ಮುಂದೆ ಹಾಕುತ್ತಿದ್ದರು. ಈಗ ಫ್ಲ್ಯಾಗ್ ಇಟ್ಟ ದಿನವೇ ಅದನ್ನು ತೆಗೆಯುವ ಟಿಕೆಟ್ ತೆರೆಯುತ್ತೇವೆ. ಅದು ಮುಚ್ಚುವ ತನಕ ಫೀಚರ್ ಮುಗಿದ ಲೆಕ್ಕವಿಲ್ಲ. ಇದೂ ಪೂರ್ತಿ ಕೆಲಸ ಮಾಡುತ್ತಿದೆ ಅಂತ ಹೇಳಲಾರೆ.

ಚೈತ್ರಾ: ನಮ್ಮಲ್ಲೂ ಬಿಲ್ ಲೆಕ್ಕ ಮೂರು ಫೈಲ್‌ಗಳಲ್ಲಿದೆ. ನಾಳೆ ಫ್ಲ್ಯಾಗ್ ಇಡದೆ, ಅದನ್ನು ಒಂದು ಕಡೆ ತರುವ ಕೆಲಸ ಮರ್ಜ್ ಮಾಡುತ್ತೇನೆ. ಒಂದೇ ಅನುಮಾನ ಉಳಿದಿದೆ: ದಿನಾ ಮರ್ಜ್ ಅಂದರೆ ದಿನಾ ರಿವ್ಯೂ ಬೇಕು, ನಮ್ಮಲ್ಲಿ ರಿವ್ಯೂಗೇ ಎರಡು ದಿನ ಹಿಡಿಯುತ್ತದೆ. ಇದನ್ನು ಯಾರಾದರೂ ಸರಿಮಾಡಿಕೊಂಡಿದ್ದೀರಾ?