ಬೀಗ ಇದೆ, ಆದರೂ FAILED: ಬಯೋಸ್ ಫ್ಲ್ಯಾಶ್‌ಗೆ BLE ಒಂದೇ ಸಾಕಾ?

ಗುಬ್ಬಿಕೋರ್: ಹಳೆಯ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಫರ್ಮ್‌ವೇರ್ ರಕ್ಷಣೆ ಪರೀಕ್ಷಿಸುವ ಚಿಪ್‌ಸೆಕ್ ಓಡಿಸಿದೆ. ಕಂಡ ಬಿಟ್‌ಗಳು ಇವು:

```
chipsec_main -m common.bios_wp
BIOSWE=0  BLE=1  SMM_BWP=0
```

BIOSWE 0, ಅಂದರೆ ಬರೆಯುವ ಅನುಮತಿ ಮುಚ್ಚಿದೆ; BLE 1, ಅಂದರೆ ಬೀಗವೂ ಬಿದ್ದಿದೆ. ಆದರೂ FAILED ಅನ್ನುತ್ತಿದೆ. ಸುಮ್ನೆ ಹೆದರಿಸ್ತಿದೆಯಾ?

ನೇರನುಡಿ: ಹೌದು. BLE ಇದ್ದ ಮೇಲೆ ಯಾರಾದರೂ BIOSWE ಅನ್ನು 1 ಮಾಡಿದರೆ ತಕ್ಷಣ ಎಸ್‌ಎಂಐ ಎಂಬ ಇಂಟರಪ್ಟ್ ಏಳುತ್ತದೆ. ಆಪರೇಟಿಂಗ್ ಸಿಸ್ಟಂಗೂ ಕಾಣದ ಎಸ್‌ಎಂಎಂ ಮೋಡ್‌ನ ಫರ್ಮ್‌ವೇರ್ ಕೋಡ್ ಬಂದು ಅದನ್ನು ಮತ್ತೆ 0 ಮಾಡುತ್ತದೆ. ಕಥೆ ಮುಗೀತು.

ಹಳೇಚಿಪ್: "ತಕ್ಷಣ" ಅಂದಿರಲ್ಲ, ತೂತು ಇರುವುದೇ ಅಲ್ಲಿ. ಒಂದು ಕೋರ್ BIOSWE ಅನ್ನು ಬಿಡದೆ 1 ಮಾಡುತ್ತಿರಲಿ. ಇನ್ನೊಂದು ಕೋರ್ ಬಿಡದೆ ಫ್ಲ್ಯಾಶ್‌ಗೆ ಬರೆಯಲು ನೋಡುತ್ತಿರಲಿ. ಎಲ್ಲ ಕೋರ್‌ಗಳೂ ಒಂದೇ ಕ್ಷಣಕ್ಕೆ ಎಸ್‌ಎಂಎಂ ಒಳಗೆ ಹೋಗುವುದಿಲ್ಲ. ಆ ಸಣ್ಣ ಸಂದಿಯಲ್ಲಿ ಒಂದು ಬರಹ ನುಸುಳಿದರೂ ಸಾಕು, ಮತ್ತೆ ಮತ್ತೆ ಮಾಡಬಹುದು. ಭದ್ರತಾ ಸಂಶೋಧಕರಾದ ಕ್ಯಾಲನ್‌ಬರ್ಗ್ ಮತ್ತು ವೊಯ್ಚುಕ್ 2014ರಲ್ಲೇ ಇದನ್ನು ತೋರಿಸಿದ್ದಾರೆ. SMM_BWP 1 ಇದ್ದಿದ್ದರೆ ಎಲ್ಲ ಕೋರ್‌ಗಳೂ ಎಸ್‌ಎಂಎಂ ಒಳಗೆ ಹೋಗುವವರೆಗೆ ಚಿಪ್‌ಸೆಟ್ ಬರೆಯಲು ಬಿಡುತ್ತಿರಲಿಲ್ಲ.

ನೇರನುಡಿ: "ತೋರಿಸಿದ್ದಾರೆ", ಲ್ಯಾಬ್‌ನಲ್ಲಿ! ಹೊರಗೆ ಯಾರು ಮಾಡಿದ್ದಾರೆ ಹೇಳಿ.

ಹಳೇಚಿಪ್: ಲೋಜ್ಯಾಕ್ಸ್ ಎಂಬ ಮಾಲ್‌ವೇರ್. 2018ರಲ್ಲಿ ಭದ್ರತಾ ಕಂಪನಿ ಇಸೆಟ್ ಬಯಲು ಮಾಡಿತು. ಅದರ ಜೊತೆಗಿದ್ದ ಟೂಲ್ ಇದೇ ಬಿಟ್‌ಗಳನ್ನು ಓದಿ, BLE ಇದ್ದು SMM_BWP ಇಲ್ಲದಿದ್ದರೆ ಕೋರ್‌ಗಳ ಇದೇ ಓಟಕ್ಕೆ ಇಳಿಯುತ್ತಿತ್ತು.

ನೀಲಿಬಟನ್: ನನ್ನ ಪೆನ್‌ಡ್ರೈವ್ ಕೂಡ ರೈಟ್ ಪ್ರೊಟೆಕ್ಟೆಡ್ ಅಂತ ಬರುತ್ತಿದೆ. ಫಾರ್ಮ್ಯಾಟ್ ಆಗ್ತಿಲ್ಲ. ಅದಕ್ಕೂ ಇದೇ ಆಜ್ಞೆನಾ?

ಬೆಸುಗೆ: ಇಲ್ಲ, ಅದು ಬೇರೆ. ಇಷ್ಟೆಲ್ಲ ಬಿಟ್ ಯಾಕೆ ಅಂತ ನನಗೆ ಗೊತ್ತಾಗುತ್ತಿಲ್ಲ. ಫ್ಲ್ಯಾಶ್ ಚಿಪ್‌ನ ಡಬ್ಲ್ಯೂಪಿ ಪಿನ್ ಅನ್ನು ಗ್ರೌಂಡ್‌ಗೆ ಹಿಡಿಸಿಬಿಡಿ. ಸಾಫ್ಟ್‌ವೇರ್ ತಲೆಕೆಳಗಾಗಿ ನಿಂತರೂ ಬರೆಯಲು ಆಗದು.

ಹಳೇಚಿಪ್: ತಪ್ಪು. ಸಾಮಾನ್ಯ ಎಸ್‌ಪಿಐ ಚಿಪ್‌ನಲ್ಲಿ ಆ ಪಿನ್ ಕಾಯುವುದು ಸ್ಟೇಟಸ್ ರಿಜಿಸ್ಟರನ್ನು, ಒಳಗಿನ ಡೇಟಾವನ್ನಲ್ಲ. ಮೊದಲು ಬ್ಲಾಕ್ ಪ್ರೊಟೆಕ್ಟ್ ಬಿಟ್‌ಗಳಲ್ಲಿ ಯಾವ ಭಾಗ ಅಂತ ಹೇಳಬೇಕು. ಆಮೇಲೆ ಸ್ಟೇಟಸ್ ರಿಜಿಸ್ಟರ್‌ನ ರಕ್ಷಣೆಯ ಬಿಟ್ ಹಾಕಬೇಕು. ಆಗ ಮಾತ್ರ ಪಿನ್‌ಗೆ ಬೆಲೆ.

ಬೆಸುಗೆ: ನಾನೇ ಮಾಡಿದ್ದೇನೆ ಸ್ವಾಮಿ. ಪಿನ್ ಹಿಡಿಸಿದೆ, ಫ್ಲ್ಯಾಶ್‌ರಾಮ್ ಟೂಲ್ ಬರೆಯಲು ನಿರಾಕರಿಸಿತು.

ಹಳೇಚಿಪ್: ಪಿನ್ ಬಿಡಿಸಿ ಮತ್ತೆ ಬರೆದು ನೋಡಿದಿರಾ? ಬಿಡಿಸಿದಾಗಲೂ ನಿರಾಕರಿಸಿದರೆ ತಡೆದದ್ದು ಚಿಪ್‌ಸೆಟ್, ನಿಮ್ಮ ತಂತಿ ಅಲ್ಲ.

ಬೆಸುಗೆ: ಬೆಸುಗೆ ಹಾಕಿದ್ದನ್ನು ಕೀಳೋದಕ್ಕೆ ನನಗೇನು ಬೇರೆ ಕೆಲಸ ಇಲ್ವಾ? ಕೀಬೋರ್ಡ್ ಮುಂದೆ ಕೂತು ಹೇಳೋದು ಸುಲಭ.

ನೇರನುಡಿ: ಅಂದರೆ ನೋಡಿಲ್ಲ.

ಬೆಸುಗೆ: ನಿಮ್ಮ "ತಕ್ಷಣ"ದ ಕಥೆ ಏನಾಯ್ತು, ಮೊದಲು ಅದನ್ನು ಹೇಳಿ.

ಮೌನಿ: ಪಿನ್ ಜಗಳ ಸಾಕು. ಇಡೀ ಚಿಪ್‌ಗೆ ಬೀಗ ಹಾಕಿದರೆ ಯುಇಎಫ್‌ಐ ವೇರಿಯಬಲ್‌ಗಳನ್ನು ಎಲ್ಲಿ ಬರೆಯುತ್ತೀರಿ? ಬೂಟ್ ಕ್ರಮ ಬದಲಿಸಿದರೂ ಅದು ಅದೇ ಫ್ಲ್ಯಾಶ್‌ಗೆ ಹೋಗಬೇಕು.

ಗುಬ್ಬಿಕೋರ್: ಹಾಗಾದರೆ SMM_BWP 1 ಇದ್ದರೆ ನಿಶ್ಚಿಂತೆ, ಅಲ್ವಾ?

ಮೌನಿ: ಅಲ್ಲ. ಆಗ ಬೀಗದಕೈ ಪೂರ್ತಿ ಎಸ್‌ಎಂಎಂ ಕೋಡ್‌ನ ಕೈಗೆ ಹೋಯಿತು, ಅಷ್ಟೇ. ಆಪರೇಟಿಂಗ್ ಸಿಸ್ಟಂ ಒಂದು ಬಫರ್‌ನಲ್ಲಿ ವಿಳಾಸ ಬರೆದು ಎಸ್‌ಎಂಐ ಎಬ್ಬಿಸುತ್ತದೆ ಅಂದುಕೊಳ್ಳಿ. ಹ್ಯಾಂಡ್ಲರ್ ಕೆಲಸ ಮುಗಿಸಿ, "ಆಯ್ತು" ಅಂತ ಆ ವಿಳಾಸದಲ್ಲಿ ಒಂದು ಸೊನ್ನೆ ಬರೆಯುತ್ತದೆ. ಆ ವಿಳಾಸ ಎಸ್‌ಎಂಎಂಗೆ ಮೀಸಲಾದ ಮೆಮೊರಿಯಾದ ಎಸ್‌ಎಂರ್‍ಯಾಮ್ ಒಳಗಿನದ್ದಾ ಅಂತ ಅದು ನೋಡದಿದ್ದರೆ? ಹೊರಗಿನವನಿಗೆ ಮುಟ್ಟಲಾಗದ ಜಾಗವನ್ನು ಎಸ್‌ಎಂಎಂ ತಾನೇ ಕೆಡಿಸಿಕೊಳ್ಳುತ್ತದೆ. ಸರಿಯಾದ ಕಡೆ ಬಿದ್ದ ಆ ಸೊನ್ನೆಯಿಂದ ಒಳಗೆ ಕೋಡ್ ಓಡಿಸುವವರೆಗೂ ಹೋಗಬಹುದು. ಆಮೇಲೆ BIOSWE ತೆರೆದರೆ ತಡೆಯುವವರೇ ಇಲ್ಲ. ಕರ್ನಲ್‌ಗೆ ಅಲ್ಲಿ ನಡೆದದ್ದು ಕಾಣುವುದೂ ಇಲ್ಲ.

ನೇರನುಡಿ: "ತಡೆಯುವವರೇ ಇಲ್ಲ" ಅನ್ನೋದು ಸುಳ್ಳು. PR0 ಮುಂತಾದ ರಿಜಿಸ್ಟರ್‌ಗಳಲ್ಲಿ ಬರೆಯಬಾರದ ವ್ಯಾಪ್ತಿ ಹಾಕಿ FLOCKDN ಬೀಗ ಒತ್ತಿದರೆ ಎಸ್‌ಎಂಎಂ ಕೂಡ ರೀಸೆಟ್‌ವರೆಗೆ ಬರೆಯಲಾರದು.

ಮೌನಿ: ಅದು ನಿಜ. ಆದರೆ ವೇರಿಯಬಲ್ ಜಾಗವನ್ನು ಅದರಿಂದ ಹೊರಗಿಡಲೇಬೇಕು. ಎಸ್3 ನಿದ್ದೆಯಿಂದ ಎದ್ದಾಗ ಆ ಬೀಗವನ್ನು ಫರ್ಮ್‌ವೇರ್ ಮತ್ತೆ ಹಾಕಬೇಕು. ಅಲ್ಲಿಯೂ ಎಡವಿದ್ದಾರೆ.

ಹಳೇಚಿಪ್: ಗುಬ್ಬಿಕೋರ್ ಅವರೇ, ಆ ಟೆಸ್ಟ್ PR ವ್ಯಾಪ್ತಿಯನ್ನೂ ನೋಡುತ್ತದೆ. ಅದು ಬಯೋಸ್ ಭಾಗವನ್ನೆಲ್ಲ ಮುಚ್ಚಿದ್ದರೆ ನಿಮಗೆ FAILED ಬರುತ್ತಿರಲಿಲ್ಲ.

ಗುಬ್ಬಿಕೋರ್: ನೋಡಿದೆ. ಐದು PR ಸಾಲೂ ಸೊನ್ನೆ. ತಯಾರಿಸಿದವರು ಈ ಮಾಡೆಲ್‌ಗೆ ಅಪ್‌ಡೇಟ್ ನಿಲ್ಲಿಸಿದ್ದಾರೆ.

ಬೆಸುಗೆ: ಅದಕ್ಕೇ ಪಿನ್ ಅಂದದ್ದು.

ಹಳೇಚಿಪ್: ಮೊದಲು ಆ ತಂತಿ ಬಿಡಿಸಿ ಬರೆದು ನೋಡಿ.