ಪದಚರ್ಚೆ: ‘ಇನಾಕ್ಯುಲೇಟ್’ ಬರೆಯುವಾಗ ಎನ್ ಒಂದೋ ಎರಡೋ?

ಚಿಕ್ಕಮಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಭಾನುವಾರ ಬರೆದ ಮಾದರಿ ಪರೀಕ್ಷೆಯ ಇಂಗ್ಲಿಷ್ ಭಾಗದಲ್ಲಿ ನನ್ನ ಎರಡು ಉತ್ತರ ತಪ್ಪಾದವು. ಎರಡರಲ್ಲೂ ನಾನು ಎಡವಿದ ಕಲ್ಲು ಒಂದೇ ಇರಬೇಕು ಎನ್ನಿಸುತ್ತಿದೆ.

ಮೊದಲನೆಯದು ಕಾಗುಣಿತದ ಪ್ರಶ್ನೆ. ರೋಗ ಬಾರದಂತೆ ಚುಚ್ಚುಮದ್ದು ಹಾಕುವುದಕ್ಕೆ ಹೇಳುವ ‘ಇನಾಕ್ಯುಲೇಟ್’ ಪದವನ್ನು ನಾಲ್ಕು ಬಗೆಯಲ್ಲಿ ಬರೆದಿದ್ದರು. ಎನ್ ಎರಡು, ಸಿ ಒಂದು ಇದ್ದದ್ದನ್ನು ಆರಿಸಿದೆ. ಸರಿಯುತ್ತರದಲ್ಲಿ ಎನ್ ಕೂಡ ಒಂದೇ. ಎರಡನೆಯದು ‘ಯಾವ ಹಾನಿಯನ್ನೂ ಮಾಡದ (ವಸ್ತು)’ ಎಂಬುದಕ್ಕೆ ಒಂದೇ ಪದ ಕೊಡಿ ಎನ್ನುವ ಪ್ರಶ್ನೆ. ಇನ್ನೊಸೆಂಟ್, ಇನ್ನೊಸೆನ್ಸ್, ಇನಾಕ್ಯುಲೇಟೆಡ್, ಇನಾಕ್ಯುಅಸ್ ಎಂಬ ಆಯ್ಕೆಗಳಿದ್ದವು. ನಾನು ಇನ್ನೊಸೆಂಟ್ ಎಂದೆ, ಉತ್ತರ ಇನಾಕ್ಯುಅಸ್ ಅಂತೆ. ಅದನ್ನು ಬರೆಯುವಾಗ ಮಾತ್ರ ಎನ್ ಎರಡು! ಕಿವಿಗೆ ಎರಡು ಪದಗಳೂ ‘ಇನಾಕ್ಯು’ ಎಂದೇ ಶುರುವಾಗುತ್ತವೆ. ಬಾಯಿಪಾಠ ಮಾಡಿದರೆ ಪರೀಕ್ಷೆಯ ಹೊತ್ತಿಗೆ ಅದಲುಬದಲಾಗುತ್ತದೆ. ಕಾರಣ ಗೊತ್ತಾದರೆ ಮರೆಯಲಾರೆ.

ಮೂಡಿಗೆರೆಯಿಂದ:

ಕನ್ನಡದಲ್ಲಿ ಇದಕ್ಕೆ ಲಸಿಕೆ ಹಾಕುವುದು ಎನ್ನುತ್ತೇವೆ. ನಮ್ಮ ಅಜ್ಜಿ ದಾಕು ಹಾಕಿಸುವುದು ಎನ್ನುತ್ತಿದ್ದರು. ಆದರೆ ನನ್ನ ಬಳಿ ಇರುವ ತೋಟಗಾರಿಕೆಯ ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಇದೇ ಪದ ಕಸಿ ಕಟ್ಟುವುದಕ್ಕೆ ಬಂದಿದೆ. ಅದು ಅಚ್ಚಿನ ತಪ್ಪು ಎಂದುಕೊಂಡಿದ್ದೆ. ನಮ್ಮ ತೋಟದಲ್ಲಿ ಕಿತ್ತಳೆ ಗಿಡಕ್ಕೆ ಕಣ್ಣು ಕಸಿ ಮಾಡುವವರು ಒಬ್ಬರಿದ್ದಾರೆ. ತೊಗಟೆಯನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರಕ್ಕೆ ಸೀಳಿ, ಒಳ್ಳೆಯ ಗಿಡದಿಂದ ತೆಗೆದ ಒಂದೇ ಒಂದು ಮೊಗ್ಗನ್ನು ಅದರೊಳಗೆ ಜಾರಿಸಿ, ಪಟ್ಟಿ ಸುತ್ತುತ್ತಾರೆ. ಆ ಮೊಗ್ಗಿನ ತುದಿಯನ್ನು ಮಾತ್ರ ಪಟ್ಟಿಯ ಹೊರಗೆ ಬಿಡುತ್ತಾರೆ. ಅದಕ್ಕೂ ಚುಚ್ಚುಮದ್ದಿಗೂ ಏನು ಸಂಬಂಧ ಎಂದು ತಿಳಿದವರು ಹೇಳಬೇಕು.

ಅರಸೀಕೆರೆಯಿಂದ:

ಚಿಕ್ಕಮಗಳೂರಿನವರ ಪ್ರಶ್ನೆ ಕನ್ನಡ ಪದದ್ದಲ್ಲ, ಕಾಗುಣಿತದ್ದು. ಇದಕ್ಕೆ ಸುಲಭದ ಸೂತ್ರವಿದೆ. ‘ಇನ್’ ಎಂಬುದಕ್ಕೆ ಎರಡು ಅರ್ಥ: ‘ಅಲ್ಲ’ ಮತ್ತು ‘ಒಳಗೆ’. ‘ಅಲ್ಲ’ ಎಂಬ ಅರ್ಥವಿದ್ದರೆ ಎನ್ ಎರಡು, ‘ಒಳಗೆ’ ಎಂಬ ಅರ್ಥವಿದ್ದರೆ ಒಂದು. ಇನಾಕ್ಯುಅಸ್ ಎಂದರೆ ಹಾನಿಕರವಲ್ಲದ್ದು, ಆದ್ದರಿಂದ ಎರಡು. ಇನಾಕ್ಯುಲೇಟ್ ಎಂದರೆ ಒಳಗೆ ಸೇರಿಸುವುದು, ಆದ್ದರಿಂದ ಒಂದು. ಇಷ್ಟನ್ನು ನೆನಪಿಟ್ಟರೆ ಸಾಕು.

ಹಾಸನದಿಂದ:

ಅರಸೀಕೆರೆಯವರು ‘ಇನ್’ಗೆ ಎರಡು ಅರ್ಥ ಎಂದದ್ದು ಸರಿ. ಆದರೆ ಅದರ ಮೇಲೆ ಕಟ್ಟಿದ ಸೂತ್ರ ನಿಲ್ಲುವುದಿಲ್ಲ. ಇನೋವೇಟ್ ಪದದಲ್ಲಿ ‘ಅಲ್ಲ’ ಎಂಬ ಅರ್ಥವಿಲ್ಲ, ಆದರೂ ಎನ್ ಎರಡು. ತಿನ್ನಲಾಗದ್ದು ಎಂಬ ಅರ್ಥದ ಇನೆಡಿಬಲ್ ಪದದಲ್ಲಿ ‘ಅಲ್ಲ’ ಇದೆ, ಆದರೂ ಎನ್ ಒಂದೇ. ಎಣಿಕೆ ‘ಇನ್’ನ ಅರ್ಥದಿಂದ ಬರುವುದಲ್ಲ, ಅದರ ಮುಂದಿನ ಧಾತು ಯಾವ ಅಕ್ಷರದಿಂದ ಶುರುವಾಗುತ್ತದೆ ಎಂಬುದರಿಂದ ಬರುತ್ತದೆ.

ನಮ್ಮಲ್ಲೂ ಹೀಗೆಯೇ. ‘ಉನ್ನತ’ ಬರೆಯುವಾಗ ನಕಾರಕ್ಕೆ ಒತ್ತು ಏಕೆ? ಉತ್ ಮತ್ತು ನತ ಸೇರಿವೆ. ಒಂದು ನಕಾರ ಉಪಸರ್ಗದ ತಕಾರವೇ ಬದಲಾಗಿ ಬಂದದ್ದು, ಇನ್ನೊಂದು ‘ನತ’ದ್ದು. ‘ಅನುಚಿತ’ದಲ್ಲಿ ಅನ್ ಮತ್ತು ಉಚಿತ, ‘ಉಚಿತ’ದಲ್ಲಿ ನಕಾರವಿಲ್ಲ, ಆದ್ದರಿಂದ ಒಂದೇ. ಒಂದು ವ್ಯತ್ಯಾಸ ಮಾತ್ರ ನಮ್ಮ ಮಕ್ಕಳನ್ನು ಸೋಲಿಸುತ್ತದೆ. ನಾವು ಒತ್ತಕ್ಷರವನ್ನು ಒತ್ತಿಯೇ ಉಚ್ಚರಿಸುತ್ತೇವೆ, ‘ಕನಸು’ ‘ಕನ್ನಡ’ ಎಂದಾಗ ಕಿವಿಯೇ ಹೇಳಿಕೊಡುತ್ತದೆ. ಇಂಗ್ಲಿಷರು ಎರಡು ಎನ್ ಬರೆದರೂ ಒಂದನ್ನೇ ಉಚ್ಚರಿಸುತ್ತಾರೆ. ಅಲ್ಲಿ ಕಿವಿಯನ್ನು ನಂಬಿದರೆ ಕೆಟ್ಟಿರಿ, ಪದವನ್ನು ಒಡೆದು ನೋಡಲೇಬೇಕು.

ಒಡೆಯೋಣ. ಇನಾಕ್ಯುಅಸ್ ಪದದ ಬೇರು ಲ್ಯಾಟಿನ್ನಿನ ‘ನೊಕೆರೆ’, ಹಾನಿ ಮಾಡು ಎಂದು ಅರ್ಥ. ಅದು ಎನ್‌ನಿಂದಲೇ ಶುರುವಾಗುವುದರಿಂದ ‘ಇನ್’ನ ಎನ್ ಜೊತೆ ಸೇರಿ ಎರಡಾಯಿತು. ಇನಾಕ್ಯುಲೇಟ್ ಪದದ ಬೇರು ‘ಒಕುಲುಸ್’, ಎಂದರೆ ಕಣ್ಣು. ಅದು ಓ ಅಕ್ಷರದಿಂದ ಶುರುವಾಗುತ್ತದೆ, ಅದರಲ್ಲಿ ಸಿ ಇರುವುದೂ ಒಂದೇ. ಹಾಗಾಗಿ ಎನ್ ಒಂದು, ಸಿ ಒಂದು.

ಮೂಡಿಗೆರೆಯವರೇ, ನಿಮ್ಮ ಪುಸ್ತಕದಲ್ಲಿ ಅಚ್ಚಿನ ತಪ್ಪಿಲ್ಲ. ಆ ಪದದ ಹಳೆಯ ಅರ್ಥವೇ ಕಣ್ಣು ಕಸಿ. ಲ್ಯಾಟಿನ್ನಿನವರೂ ಮೊಗ್ಗನ್ನು ಕಣ್ಣು ಎಂದೇ ಕರೆದರು, ನಿಮ್ಮ ತೋಟದವರು ಕರೆಯುವ ಹಾಗೆಯೇ. ಗಿಡದ ಮೈ ಸೀಳಿ ಕಣ್ಣನ್ನು ಒಳಗೆ ಕೂರಿಸುವುದಕ್ಕೆ ಇಂಗ್ಲಿಷಿನಲ್ಲಿ 15ನೆಯ ಶತಮಾನದಿಂದಲೇ ಈ ಪದವಿತ್ತು. ಆಮೇಲೆ ಸಿಡುಬಿನ ಕೀವನ್ನು ತೋಳಿನ ಗೀರಿನೊಳಗೆ ಸೇರಿಸಿ ರೋಗ ತಡೆಯುವ ಪದ್ಧತಿ ಇಂಗ್ಲೆಂಡಿಗೆ ಬಂತು. ಲೇಡಿ ಮೇರಿ ವರ್ಟ್ಲಿ ಮಾಂಟೆಗು 1721ರಲ್ಲಿ ಲಂಡನ್ನಿನಲ್ಲಿ ತನ್ನ ಮಗಳಿಗೆ ಅದನ್ನು ಮಾಡಿಸಿದಳು. ಗೀರಿ ಒಳಗೆ ಕೂರಿಸುವ ಕೆಲಸ ಎರಡೂ ಕಡೆ ಒಂದೇ ಆದ್ದರಿಂದ ಕಸಿಯ ಪದ ಮನುಷ್ಯರ ಮೈಗೂ ಬಂತು.

ಇನ್ನು ಎರಡನೆಯ ಪ್ರಶ್ನೆ. ಇನ್ನೊಸೆಂಟ್, ಇನ್ನೊಸೆನ್ಸ್, ಇನಾಕ್ಯುಅಸ್ ಮೂರಕ್ಕೂ ಬೇರು ‘ನೊಕೆರೆ’ಯೇ. ಬೇರು ಇಲ್ಲಿ ಇನಾಕ್ಯುಲೇಟೆಡ್ ಒಂದನ್ನೇ ಹೊರಗೆ ಹಾಕುತ್ತದೆ, ಉಳಿದದ್ದನ್ನು ಪ್ರತ್ಯಯ ನೋಡಿ ಆರಿಸಬೇಕು. ‘ಮಾಡದ’ ಎಂದು ಕೇಳಿರುವುದರಿಂದ ವಿಶೇಷಣ ಬೇಕು. ‘-ಎನ್ಸ್’ ಬಂದರೆ ನಾಮಪದ, ಅದನ್ನು ಬಿಡಿ. ‘-ಎಂಟ್’ ಮೂಲದಲ್ಲಿ ಕ್ರಿಯೆ ಮಾಡುವವನನ್ನು ತೋರಿಸುವ ಪ್ರತ್ಯಯ. ಇನ್ನೊಸೆಂಟ್ ಎಂದರೆ ಕೇಡು ಮಾಡದವನು, ಅಲ್ಲಿಂದ ನಿರಪರಾಧಿ. ‘-ಅಸ್’ ಗುಣವನ್ನು ಹೇಳುತ್ತದೆ. ವಿಷವಿಲ್ಲದ ಹಾವು, ತೊಂದರೆ ಕೊಡದ ಔಷಧಿ ಇನಾಕ್ಯುಅಸ್. ಇಂಗ್ಲಿಷಿನವರು ಮಾತಿಗೋ ಪ್ರಶ್ನೆಗೋ ಇನ್ನೊಸೆಂಟ್ ಎನ್ನುವುದೂ ಉಂಟು, ಆದರೆ ನಿಮ್ಮ ಪ್ರಶ್ನೆಯಲ್ಲಿ ಆವರಣದೊಳಗೆ ‘ವಸ್ತು’ ಎಂದಿದೆ. ಆ ಒಂದು ಪದವೇ ಉತ್ತರವನ್ನು ಗಟ್ಟಿ ಮಾಡುತ್ತದೆ.

ಚಿಕ್ಕಮಗಳೂರಿನಿಂದ:

ಮೇಷ್ಟ್ರೇ, ಬಹಳ ಉಪಕಾರವಾಯಿತು. ಆದರೆ ನಾನು ಇನಾಕ್ಯುಅಸ್ ಪದವನ್ನು ಒಡೆದಾಗ ಅದರೊಳಗೂ ಓ, ಸಿ, ಯು ಕಂಡು, ಕಣ್ಣೇ ಇರಬೇಕು ಎಂದುಕೊಂಡೆ. ತಪ್ಪು ಕಡೆ ಒಡೆಯುತ್ತಿದ್ದೇನೆ ಎಂದು ತಿಳಿಯುವುದು ಹೇಗೆ?

ಹಾಸನದಿಂದ:

ಒಳ್ಳೆಯ ಪ್ರಶ್ನೆ, ಎಡವುವುದು ಅಲ್ಲಿಯೇ. ನೆಂಟರನ್ನು ಕರೆದು ನೋಡಿ. ಕಣ್ಣಿನ ಬೇರಿನಲ್ಲಿ ಸಿ ಮತ್ತು ಯು ಆದ ಮೇಲೆ ಎಲ್ ಬರಬೇಕು. ಬೈನಾಕ್ಯುಲರ್‌ನಲ್ಲಿ ಇದೆ, ಇನಾಕ್ಯುಲೇಟ್‌ನಲ್ಲಿ ಇದೆ, ಇನಾಕ್ಯುಅಸ್‌ನಲ್ಲಿ ಇಲ್ಲ. ಹಾನಿಯ ಬೇರಿಗೆ ನಾಕ್ಷಸ್, ಅಬ್ನಾಕ್ಷಸ್ ನೆಂಟರು; ಅವುಗಳಲ್ಲಿ ಎನ್ ಬೇರಿನದೇ. ನೆಂಟರು ಯಾರೂ ನೆನಪಾಗದಿದ್ದರೆ ಈ ದಾರಿ ನಡೆಯುವುದಿಲ್ಲ, ಆಗ ನಿಘಂಟನ್ನು ತೆಗೆಯಬೇಕು. ಪ್ರವಾಹ ಬಂದು ಮುಳುಗಿಸುವುದಕ್ಕೆ ಹೇಳುವ ಇನಂಡೇಟ್ ಪದವನ್ನು ನೀವೇ ಒಡೆದು ನೋಡಿ. ‘ಉಂಡಾ’ ಎಂದರೆ ಅಲೆ.

ಚಿಕ್ಕಮಗಳೂರಿನಿಂದ:

ಉಂಡಾ ಯು ಅಕ್ಷರದಿಂದ ಶುರು, ಹಾಗಾದರೆ ಎನ್ ಒಂದೇ. ನಿಘಂಟಿನಲ್ಲೂ ಹಾಗೆಯೇ ಇದೆ!

ಸಕಲೇಶಪುರದಿಂದ:

ನನ್ನದೊಂದು ತಕರಾರು. ವ್ಯಾಕ್ಸಿನೇಟ್ ಪದದಲ್ಲಿ ಸಿ ಎರಡು, ಹಸು ಎಂಬ ಅರ್ಥದ ‘ವಕ್ಕಾ’ದಿಂದ ಬಂದದ್ದು. ಜೆನ್ನರ್ 1796ರಲ್ಲಿ ಬಳಸಿದ್ದು ಹಸುವಿನ ಸಿಡುಬನ್ನು. ಇಲ್ಲಿಯವರೆಗೆ ಸರಿ. ಆದರೆ ನನ್ನ ಮಗನ ಪುಸ್ತಕದಲ್ಲಿ ‘ರೋಗ ತಡೆಯಲು ಮೈಗೆ ಲಸಿಕೆ ಸೇರಿಸು’ ಎಂಬುದಕ್ಕೆ ಇನಾಕ್ಯುಲೇಟ್, ವ್ಯಾಕ್ಸಿನೇಟ್ ಎರಡನ್ನೂ ಆಯ್ಕೆಯಾಗಿ ಕೊಟ್ಟು, ಮೊದಲನೆಯದು ಮಾತ್ರ ಸರಿ ಎಂದಿದ್ದಾರೆ. ಬೇರು ನೋಡಿದರೆ ಎರಡೂ ಬೇರೆ, ಪ್ರತ್ಯಯ ಒಂದೇ, ಇಂದಿನ ಬಳಕೆಯಲ್ಲಿ ಎರಡೂ ಸಲ್ಲುತ್ತವೆ. ಆರಿಸುವುದು ಯಾವುದರಿಂದ?

ಹಾಸನದಿಂದ:

ಆ ಪ್ರಶ್ನೆಯೇ ಕೆಟ್ಟದ್ದು ಎನ್ನುವುದು ನನ್ನ ಅಭಿಪ್ರಾಯ. ‘ಲಸಿಕೆ’ ಎಂದು ಬರೆದ ಮೇಲೆ ನಾನಾದರೆ ವ್ಯಾಕ್ಸಿನೇಟ್ ಎನ್ನುತ್ತಿದ್ದೆ. ಬೇರೆಯವರು ಏನನ್ನುತ್ತಾರೋ ಕೇಳೋಣ.