ಪದಚರ್ಚೆ: ಖಾತೆಯನ್ನು ‘ಜೋಡಿಸು’ವುದೋ ‘ವಿಲೀನಗೊಳಿಸು’ವುದೋ?

ಸುಮಾ:

ಎಲ್ಲರಿಗೂ ನಮಸ್ಕಾರ. ಒಂದು ಆ್ಯಪ್‌ನ ಪರದೆಯ ಮಾತುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇಷ್ಟು ದಿನ ಅದರೊಳಗೆ ಹೋಗಲು ಇಮೇಲ್ ಮತ್ತು ಪಾಸ್‌ವರ್ಡ್ ಕೊಡಬೇಕಿತ್ತು. ಈಗ ಬೇರೆ ಸಂಸ್ಥೆಯ ಖಾತೆಯ ಮೂಲಕ ಒಳಗೆ ಬಿಡುವ ಓಆತ್ ಎಂಬ ವಿಧಾನ ಬಳಸಿ ‘ಗೂಗಲ್ ಮೂಲಕ ಲಾಗಿನ್’ ಎಂಬ ಗುಂಡಿ ಸೇರಿಸುತ್ತಿದ್ದಾರೆ. ಹಳೆಯ ಬಳಕೆದಾರರು ಅದನ್ನು ಒತ್ತಿದಾಗ, ಗೂಗಲ್ ಹೇಳಿದ ಇಮೇಲ್ ಮೊದಲೇ ನೋಂದಣಿಯಾಗಿದ್ದರೆ ಒಂದು ಪ್ರಶ್ನೆ ಬರುತ್ತದೆ. ನಾನು ಹೀಗೆ ಬರೆದಿದ್ದೆ: ‘ಈ ಇಮೇಲ್‌ಗೆ ಈಗಾಗಲೇ ಖಾತೆ ಇದೆ. ಎರಡೂ ಖಾತೆಗಳನ್ನು ವಿಲೀನಗೊಳಿಸಬೇಕೇ?’ ತಂಡದವರು ‘ಇದು ವಿಲೀನ ಅಲ್ಲ’ ಎಂದು ವಾಪಸ್ ಕಳಿಸಿದ್ದಾರೆ, ಕಾರಣ ಬರೆದಿಲ್ಲ. ಹಾಗಾದರೆ ಏನನ್ನಬೇಕು? ಇನ್ನೊಂದು ಕಡೆ ‘ದೃಢೀಕೃತ ಇಮೇಲ್’ ಎಂದಿದ್ದೇನೆ. ಅದೂ ಸರಿಯೋ ಇಲ್ಲವೋ ತಿಳಿಯುತ್ತಿಲ್ಲ.

ಮೂರ್ತಿ:

ವಿಲೀನವೇ ಸರಿ. ಎರಡಿದ್ದದ್ದು ಒಂದಾಗಿ, ಒಂದರ ಗುರುತು ಇನ್ನೊಂದರಲ್ಲಿ ಕರಗಿದರೆ ವಿಲೀನ. ಜೋಡಿಸಿದರೆ ಎರಡೂ ಬೇರೆಬೇರೆಯಾಗಿಯೇ ಉಳಿಯುತ್ತವೆ, ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ನಿಮ್ಮಲ್ಲಿ ಕೊನೆಗೆ ಉಳಿಯುವುದು ಒಂದೇ ಖಾತೆ ತಾನೇ? ತಂಡದವರಿಗೆ ಕನ್ನಡದ ಪಾಠ ಬೇಕಾಗಿದೆ.

ವೀಣಾ:

ಮೂರ್ತಿ ಸರ್, ನೀವು ಹೇಳಿದ ಅರ್ಥಭೇದವನ್ನು ಪೂರ್ತಿ ಒಪ್ಪುತ್ತೇನೆ. ಅದೇ ಕಾರಣಕ್ಕೆ ಇಲ್ಲಿ ವಿಲೀನ ಹೊಂದುವುದಿಲ್ಲ. ಗುಂಡಿ ಒತ್ತಿದ ಹೊತ್ತಿಗೆ ಆ್ಯಪ್‌ನಲ್ಲಿರುವುದು ಒಂದೇ ಖಾತೆ. ಗೂಗಲ್ ಕಡೆಯಿಂದ ಬರುವುದು ಖಾತೆಯಲ್ಲ, ಒಂದು ಗುರುತಿನ ಚೀಟಿ ಅಷ್ಟೇ:

```json
{
  "iss": "https://accounts.google.com",
  "sub": "1042003157",
  "email": "user@example.com",
  "email_verified": true
}
```

ಇದರಲ್ಲಿ `iss` ಎಂದರೆ ಚೀಟಿ ಕೊಟ್ಟವರು ಯಾರು ಎಂಬುದು. `sub` ಎಂಬ ಸಂಖ್ಯೆ ಆ ವ್ಯಕ್ತಿಯ ಗೂಗಲ್ ಖಾತೆಗೆ ಕೊಟ್ಟದ್ದು, ಬದಲಾಗುವುದಿಲ್ಲ, ಇನ್ನೊಬ್ಬರಿಗೆ ಹೋಗುವುದೂ ಇಲ್ಲ. ಇಮೇಲ್ ಮಾತ್ರ ಬದಲಾಗಬಹುದು. ಹಾಗಾಗಿ ಬಳಕೆದಾರರ ಪಟ್ಟಿಯನ್ನು ಮುಟ್ಟದೆ, ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟುಕೊಳ್ಳುತ್ತೇವೆ. ಅದರ ಒಂದು ಸಾಲಿನಲ್ಲಿ ನಮ್ಮ ಬಳಕೆದಾರರ ಸಂಖ್ಯೆ, `iss`, `sub` ಇಷ್ಟೇ ಇರುತ್ತವೆ. ಯಾರಾದರೂ ಬಂದರೆ ಮೊದಲು ಹುಡುಕುವುದು `iss` ಮತ್ತು `sub` ಜೊತೆಯನ್ನು. ಸಿಕ್ಕರೆ ನೇರ ಒಳಗೆ, ಇಮೇಲ್ ನೋಡುವ ಗೋಜೇ ಇಲ್ಲ. ಸಿಗದಿದ್ದಾಗ ಮಾತ್ರ ಇಮೇಲ್ ನೋಡುತ್ತೇವೆ. ಅದು ಹಳೆಯ ಖಾತೆಯದ್ದಾಗಿದ್ದರೆ ಅಲ್ಲಿನ ಪಾಸ್‌ವರ್ಡ್ ಕೇಳಿ, ಸರಿಯಿದ್ದರೆ ಪಕ್ಕದ ಪಟ್ಟಿಗೆ ಒಂದು ಸಾಲು ಸೇರಿಸುತ್ತೇವೆ. ಸುಮಾ ಅವರ ಪರದೆ ಬರುವುದು ಈ ಜಾಗದಲ್ಲಿ. ಮನೆ ಒಂದೇ, ಇನ್ನೊಂದು ಬಾಗಿಲು ಇಟ್ಟಂತೆ.

ಇನ್ನೊಂದು ವಿಷಯ. ‘ಜೋಡಿಸು’ಗೆ ‘ಬಿಡಿಸು’ ಎಂಬ ಸಿದ್ಧ ವಿರುದ್ಧಪದ ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಗೂಗಲ್ ಬಿಡಿಸಿ’ ಎಂಬ ಗುಂಡಿ ಬೇಕೇ ಬೇಕು. ವಿಲೀನವಾದದ್ದನ್ನು ಏನು ಮಾಡುತ್ತೀರಿ?

ನವೀನ್:

ಗೂಗಲ್ ಬದಲು ಆ್ಯಪಲ್ ಇದ್ದರೂ ಹೀಗೆಯೇನಾ? ನಾನು ಒಂದು ಆ್ಯಪ್‌ನಲ್ಲಿ ಇಮೇಲ್ ಕೊಟ್ಟು ನೋಂದಣಿ ಮಾಡಿಕೊಂಡಿದ್ದೆ. ಆಮೇಲೆ ಆ್ಯಪಲ್ ಗುಂಡಿ ಒತ್ತಿ, ಇಮೇಲ್ ಮರೆಮಾಡು ಅಂತ ಆರಿಸಿದೆ. ಯಾವ ಪ್ರಶ್ನೆಯೂ ಬರಲಿಲ್ಲ, ಒಳಗೆ ಹೋದರೆ ಪುಟ ಖಾಲಿ. ಎರಡು ವರ್ಷದ ಟಿಪ್ಪಣಿ ಅಳಿಸಿಹೋಯಿತು ಅಂತ ಬೆವೆತುಹೋದೆ. ಇಂಥ ಕಡೆ ‘ಲಾಗಿನ್’ ಬದಲು ಬೇರೆ ಪದ ಇದ್ದಿದ್ದರೆ ನನಗೆ ಗೊತ್ತಾಗುತ್ತಿತ್ತು.

ವೀಣಾ:

ನವೀನ್, ಪದ ಬದಲಾಯಿಸಿದ್ದರೂ ನೀವು ತಪ್ಪಿಸಿಕೊಳ್ಳುತ್ತಿರಲಿಲ್ಲ. ಇಮೇಲ್ ಮರೆಮಾಡಿದರೆ ಆ್ಯಪಲ್ ನಿಮಗಾಗಿ `@privaterelay.appleid.com` ಎಂದು ಮುಗಿಯುವ ಬದಲಿ ವಿಳಾಸ ಕೊಡುತ್ತದೆ. ಆ್ಯಪ್‌ಗೆ ಅದು ಹಳೆಯ ಇಮೇಲ್‌ಗೆ ಹೊಂದದ್ದರಿಂದ ಹೊಸ ಖಾತೆ ತೆರೆಯಿತು. ನಿಮ್ಮ ಟಿಪ್ಪಣಿಗಳು ಹಳೆಯ ಖಾತೆಯಲ್ಲಿ ಹಾಗೇ ಇರುತ್ತವೆ, ಪಾಸ್‌ವರ್ಡ್ ಕೊಟ್ಟು ಹೋಗಿ ನೋಡಿ. ಮೊದಲೇ ಹಳೆಯ ಖಾತೆಗೆ ಹೋಗಿ, ಸೆಟ್ಟಿಂಗ್ಸ್‌ನಿಂದ ಆ್ಯಪಲ್ ಜೋಡಿಸಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಈಗ ಜೋಡಿಸಲು ಹೋದರೆ ‘ಈ ಆ್ಯಪಲ್ ಗುರುತು ಬೇರೆ ಖಾತೆಯಲ್ಲಿದೆ’ ಎಂದು ತಡೆಯಬಹುದು. ಖಾಲಿ ಖಾತೆಯಿಂದ ಅದನ್ನು ಮೊದಲು ಬಿಡಿಸಬೇಕು, ಇಲ್ಲವೇ ಎರಡನ್ನೂ ಒಂದು ಮಾಡಬೇಕು. ಮೂರ್ತಿ ಸರ್, ನಿಮ್ಮ ವಿಲೀನ ಇದು! ಟಿಪ್ಪಣಿ, ಪಾವತಿ ಎಲ್ಲವನ್ನೂ ಒಂದರಿಂದ ಇನ್ನೊಂದಕ್ಕೆ ಸಾಗಿಸಬೇಕು, ಹಿಂದಕ್ಕೆ ತರುವುದು ಬಲು ಕಷ್ಟ. ಸುಮಾ ಅವರೇ, ಆ ಪದವನ್ನು ಆ ಪರದೆಗೆಂದೇ ತೆಗೆದಿಡಿ.

ಮೂರ್ತಿ:

ಒಪ್ಪಿದೆ, ನೊಗ ಇಳಿಸಿದೆ. ಆದರೆ ‘ದೃಢೀಕೃತ’ಕ್ಕೆ ಏನು ಕೊರತೆ?

ವೀಣಾ:

ದೃಢೀಕರಿಸಿದವರು ಯಾರು ಎಂದು ಆ ಪದ ಹೇಳುವುದಿಲ್ಲ. ಹಿಂದೆ ನಾನಿದ್ದ ಒಂದು ತಂಡ ಎಡವಿದ್ದು ಇಲ್ಲೇ. ನೋಂದಣಿಯಾದಾಗ ಇಮೇಲ್‌ಗೆ ಕೊಂಡಿ ಕಳಿಸಿ ಖಚಿತಪಡಿಸಿಕೊಳ್ಳುತ್ತಿರಲಿಲ್ಲ. ಗೂಗಲ್ ಲಾಗಿನ್ ಸೇರಿಸಿದಾಗ, ಇಮೇಲ್ ಹೊಂದಿದರೆ ಸಾಕು, ಏನೂ ಕೇಳದೆ ಜೋಡಿಸಿಬಿಡುತ್ತಿದ್ದೆವು. ಈಗ ಯಾರೋ ಒಬ್ಬರು ನಿಮ್ಮ ಇಮೇಲ್ ಕೊಟ್ಟು, ತಮ್ಮದೇ ಪಾಸ್‌ವರ್ಡ್ ಇಟ್ಟು ಮೊದಲೇ ಖಾತೆ ತೆರೆದಿಟ್ಟಿದ್ದಾರೆ ಎಂದುಕೊಳ್ಳಿ. ಆರು ತಿಂಗಳ ಮೇಲೆ ನೀವು ಗೂಗಲ್ ಗುಂಡಿ ಒತ್ತಿ ಆ ಖಾತೆಗೇ ಬಂದು ಸೇರುತ್ತೀರಿ. ನಿಮ್ಮ ಕೆಲಸ ಸರಾಗವಾಗಿ ನಡೆಯುತ್ತದೆ, ಅವರ ಪಾಸ್‌ವರ್ಡೂ ನಡೆಯುತ್ತದೆ. ಒಂದೇ ಖಾತೆಯಲ್ಲಿ ಇಬ್ಬರು, ನಿಮಗೆ ಸುಳಿವೇ ಇಲ್ಲ. ಹಳೆಯ ಖಾತೆಯ ಇಮೇಲನ್ನು ನಾವು ಎಂದೂ ಖಚಿತಪಡಿಸಿರದಿದ್ದರೆ, ಜೋಡಿಸುವ ಮೊದಲು ಆ ಪಾಸ್‌ವರ್ಡ್ ರದ್ದು ಮಾಡಿ, ತೆರೆದಿರುವ ಸೆಷನ್‌ಗಳನ್ನೆಲ್ಲ ಮುಚ್ಚಬೇಕು.

ಇದಕ್ಕೆ ತಿರುಗುಮುರುಗಾದದ್ದೂ ಉಂಟು. 2023ರಲ್ಲಿ ಬೆಳಕಿಗೆ ಬಂದ ‘ನೋಆತ್’ ದೋಷದಲ್ಲಿ, ಮೈಕ್ರೋಸಾಫ್ಟ್‌ನ ಸಂಸ್ಥೆ ಖಾತೆಗಳ ನಿರ್ವಾಹಕರು ತಮ್ಮಲ್ಲಿನ ಬಳಕೆದಾರರಿಗೆ ಯಾರದೋ ಇಮೇಲ್ ತುಂಬಬಹುದಿತ್ತು. ಚೀಟಿಯಲ್ಲಿನ ಇಮೇಲನ್ನೇ ನಂಬಿದ ಆ್ಯಪ್‌ಗಳು ಆ ಹೆಸರಿನ ಹಳೆಯ ಖಾತೆಯ ಬಾಗಿಲು ತೆರೆದುಬಿಡುತ್ತಿದ್ದವು.

ಮೂರ್ತಿ:

ಹಾಗಾದರೆ ಕರ್ತೃವನ್ನು ನುಂಗುವ ‘ದೃಢೀಕೃತ’, ‘ದೃಢಪಟ್ಟ’ ಎರಡನ್ನೂ ಬಿಡಿ. ‘ನಾವು ಖಚಿತಪಡಿಸಿಕೊಂಡ ಇಮೇಲ್’, ‘ಗೂಗಲ್ ಖಚಿತಪಡಿಸಿದ ಇಮೇಲ್’ ಎಂದು ಬಾಯಿಬಿಟ್ಟು ಹೇಳಿ. ಅಲ್ಲಿಗೆ `email_verified` ನಿಜವೆಂದಿದ್ದರೆ ಗೂಗಲ್‌ನ ಮಾತು ನಂಬಬಹುದಲ್ಲ?

ವೀಣಾ:

ಜಿಮೇಲ್ ವಿಳಾಸವಾದರೆ ನಂಬಬಹುದು, ಅದು ಅವರದೇ ಅಂಚೆ. ಬೇರೆ ಕಡೆಯ ಇಮೇಲ್ ಇಟ್ಟು ಗೂಗಲ್ ಖಾತೆ ತೆರೆದವರಿದ್ದಾರೆ. ಅಲ್ಲಿ `email_verified` ನಿಜ ಎಂಬುದರ ಅರ್ಥ ಒಂದು ಕಾಲಕ್ಕೆ ಖಚಿತವಾಗಿತ್ತು ಎಂದಷ್ಟೇ. ಆಮೇಲೆ ಆ ವಿಳಾಸ ಬೇರೆಯವರ ಕೈಗೆ ಹೋಗಿರಬಹುದು.

ಮೂರ್ತಿ:

ಅಂದರೆ ‘ಖಚಿತವಾಗಿದೆ’ ಅಲ್ಲ, ‘ಖಚಿತವಾಗಿತ್ತು’! ಒಂದು ‘ಇತ್ತು’ ಹಾಕುವುದಕ್ಕೆ ಇಷ್ಟು ದೂರ ಬರಬೇಕಾಯಿತು.

ಸುಮಾ:

ಎಲ್ಲರಿಗೂ ಧನ್ಯವಾದ. ಈಗ ಹೀಗೆ ಬರೆದಿದ್ದೇನೆ: ‘ಈ ಇಮೇಲ್‌ನಲ್ಲಿ ನಿಮಗೆ ಈಗಾಗಲೇ ಖಾತೆ ಇದೆ. ಅದಕ್ಕೆ ಗೂಗಲ್ ಲಾಗಿನ್ ಜೋಡಿಸಲು ಆ ಖಾತೆಯ ಪಾಸ್‌ವರ್ಡ್ ಕೊಡಿ.’

ವೀಣಾ:

‘ನಿಮಗೆ’ ತೆಗೆಯಿರಿ. ಖಾತೆ ಅವರದೇ ಎಂದು ಇನ್ನೂ ಗೊತ್ತಾಗಿಲ್ಲ.

ಸುಮಾ:

ತೆಗೆದೆ. ಉಳಿದದ್ದು ಒಂದು. ಪಾಸ್‌ವರ್ಡ್, ಗೂಗಲ್, ಆ್ಯಪಲ್ ಇವೆಲ್ಲವನ್ನೂ ಒಟ್ಟಿಗೆ ತೋರಿಸುವ ಪುಟಕ್ಕೆ ಹೆಸರು ಬೇಕು. ‘ಕೀಲಿಗಳು’ ಎಂದುಕೊಂಡಿದ್ದೇನೆ.

ನವೀನ್:

ನಮ್ಮ ಮಾತಿನಲ್ಲಿ ಕೀಲಿ ಅಂದರೆ ಬೀಗ. ‘ಕೀಲಿ ಸೇರಿಸಿ’ ಅಂತ ಕಂಡರೆ ಖಾತೆಗೆ ಬೀಗ ಹಾಕುತ್ತಿದ್ದಾರೆ ಅಂದುಕೊಳ್ಳುತ್ತೇನೆ.

ಮೂರ್ತಿ:

‘ಬಾಗಿಲುಗಳು’? ವೀಣಾ ಅವರೇ ಹೇಳಿದ್ದು.

ವೀಣಾ:

ಕೊನೆಯ ಬಾಗಿಲನ್ನೂ ಬಿಡಿಸಲು ಹೊರಟವರಿಗೆ ಎಚ್ಚರಿಕೆ ಕೊಡುವಾಗ ಚೆನ್ನಾಗಿ ಒದಗುತ್ತದೆ. ಆದರೆ ಪುಟದ ಹೆಸರಾಗಿ ಯಾಕೋ ಒಗ್ಗುತ್ತಿಲ್ಲ. ಬೇರೆ ಯಾರಿಗಾದರೂ ಹೊಳೆದರೆ ಬರೆಯಿರಿ.